ಗೆರೆ ಅಕ್ಷವನ್ನು ಮುಟ್ಟುವ ಜಾಗ

ಸೋಡಿಯಂ ಲೋಹದ ಮೇಲೆ ನೇರಳೆ ಬೆಳಕು ಬಿದ್ದರೆ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಕೆಂಪು ಬೆಳಕನ್ನು ಎಷ್ಟೇ ಪ್ರಖರವಾಗಿ ಬಿಟ್ಟರೂ ಒಂದೂ ಹೊರಡುವುದಿಲ್ಲ. ಇದೇಕೆ ಹೀಗೆ ಎಂಬುದಕ್ಕೆ 1905ರಲ್ಲಿ ಐನ್‌ಸ್ಟೈನ್ ಉತ್ತರ ಕೊಟ್ಟರು. ಬೆಳಕಿನ ಶಕ್ತಿ ಸಣ್ಣ ಸಣ್ಣ ಕಂತುಗಳಲ್ಲಿ ಬರುತ್ತದೆ, ಆವೃತ್ತಿ ಹೆಚ್ಚಿದಷ್ಟೂ ಕಂತು ದೊಡ್ಡದು. ಲೋಹದಿಂದ ಬಿಡಿಸಿಕೊಳ್ಳಲು ಎಲೆಕ್ಟ್ರಾನ್ ಅದರಲ್ಲಿ ಒಂದು ಪಾಲನ್ನು ತೆರಬೇಕು. ಈ ತೆರಿಗೆಗೆ ವರ್ಕ್ ಫಂಕ್ಷನ್ ಎಂದು ಹೆಸರು. ಉಳಿದದ್ದು ಎಲೆಕ್ಟ್ರಾನಿನ ವೇಗವಾಗುತ್ತದೆ.

ಹೊರಬಂದ ಎಲೆಕ್ಟ್ರಾನಿನ ಬಳಿ ಎಷ್ಟು ಉಳಿದಿದೆ ಎಂದು ತಿಳಿಯಲು ಎದುರಿನ ತಟ್ಟೆಗೆ ಋಣ ವೋಲ್ಟೇಜ್ ಕೊಟ್ಟು ಅದನ್ನು ತಡೆಯುತ್ತಾರೆ. ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತ ಹೋದಂತೆ, ಅತಿ ವೇಗದ ಎಲೆಕ್ಟ್ರಾನೂ ಎದುರಿನ ತಟ್ಟೆ ತಲುಪಲಾರದೆ ಕರೆಂಟ್ ಸೊನ್ನೆಗೆ ಇಳಿಯುವ ಹಂತ ಬರುತ್ತದೆ. ಅದೇ ಸ್ಟಾಪಿಂಗ್ ಪೊಟೆನ್ಶಿಯಲ್, ಅಂದರೆ ತಡೆ ವಿಭವ. ಬೆಳಕನ್ನು ಪ್ರಖರಗೊಳಿಸಿದರೆ ಎಲೆಕ್ಟ್ರಾನುಗಳ ಸಂಖ್ಯೆ ಹೆಚ್ಚುತ್ತದೆ, ತಡೆ ವಿಭವ ಮಾತ್ರ ಕದಲುವುದಿಲ್ಲ. ಅದನ್ನು ಕದಲಿಸುವುದು ಆವೃತ್ತಿ.

ದ್ವಿತೀಯ ಪಿಯುಸಿ ವಿದ್ಯಾರ್ಥಿಗಳ ಮುಂದೆ ಬರುವ ಗ್ರಾಫ್ ಈ ಸಂಬಂಧದ್ದೇ. ಅಡ್ಡ ಅಕ್ಷದ ಮೇಲೆ ಆವೃತ್ತಿ ν, ಲಂಬ ಅಕ್ಷದ ಮೇಲೆ ತಡೆ ವಿಭವ V₀. ಐನ್‌ಸ್ಟೈನರ ಮಾತನ್ನು ಹೀಗೆ ಬರೆಯಬಹುದು:

V₀ = (h/e)ν − φ/e

ಇದೊಂದು ಸರಳರೇಖೆ. ಅಡ್ಡ ಅಕ್ಷವನ್ನು ಅದು ಮುಟ್ಟುವಲ್ಲಿ ಎಲೆಕ್ಟ್ರಾನಿನ ಬಳಿ ಏನೂ ಉಳಿದಿರುವುದಿಲ್ಲ. ಹೊರಬರಲು ಬೇಕಾದಷ್ಟೇ ಶಕ್ತಿ ಕೊಡುವ ಆ ಆವೃತ್ತಿಯೇ ಹೊಸ್ತಿಲು ಆವೃತ್ತಿ. ಲೋಹ ಬದಲಾದರೆ ಗೆರೆ ಅಕ್ಕಪಕ್ಕಕ್ಕೆ ಸರಿಯುತ್ತದೆ, ಆದರೆ ಅದರ ಓಟ ಬದಲಾಗುವುದಿಲ್ಲ. h ಮತ್ತು e ಎಲ್ಲ ಲೋಹಗಳಿಗೂ ಒಂದೇ ಆದ್ದರಿಂದ ಎರಡು ಲೋಹಗಳ ಗೆರೆಗಳು ಸಮಾಂತರವಾಗಿರಲೇಬೇಕು. ಎರಡರಲ್ಲಿ ಬಲಕ್ಕಿರುವ ಗೆರೆ ಹೆಚ್ಚು ವರ್ಕ್ ಫಂಕ್ಷನ್ ಇರುವ ಲೋಹದ್ದು.

ಒಂದು ಲೆಕ್ಕ ಮಾಡಿ ನೋಡೋಣ. ಸೋಡಿಯಂನ ಗೆರೆ ಅಡ್ಡ ಅಕ್ಷವನ್ನು 5.5×10¹⁴ ಹರ್ಟ್ಸ್‌ನಲ್ಲಿ ಮುಟ್ಟುತ್ತದೆ, 8.0×10¹⁴ ಹರ್ಟ್ಸ್‌ನಲ್ಲಿ 1.035 ವೋಲ್ಟ್ ತೋರಿಸುತ್ತದೆ ಎನ್ನಿ. ಇಳಿಜಾರು ಎಂದರೆ 1.035ನ್ನು 2.5×10¹⁴ರಿಂದ ಭಾಗಿಸಿದ್ದು, 4.14×10⁻¹⁵ ವೋಲ್ಟ್-ಸೆಕೆಂಡ್. ಎಲೆಕ್ಟ್ರಾನಿನ ವಿದ್ಯುದಂಶ 1.6×10⁻¹⁹ ಕೂಲಾಂನಿಂದ ಗುಣಿಸಿದರೆ ಪ್ಲಾಂಕ್ ಸ್ಥಿರಾಂಕ ಸುಮಾರು 6.62×10⁻³⁴ ಜೂಲ್-ಸೆಕೆಂಡ್ ಎಂದು ಸಿಗುತ್ತದೆ. ಇಳಿಜಾರನ್ನು ಹೊಸ್ತಿಲು ಆವೃತ್ತಿಯಿಂದ ಗುಣಿಸಿದರೆ 2.28, ಇದು ಸೋಡಿಯಂನ ವರ್ಕ್ ಫಂಕ್ಷನ್, ಎಲೆಕ್ಟ್ರಾನ್‌ವೋಲ್ಟ್‌ಗಳಲ್ಲಿ.

ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಗೆರೆಯನ್ನು ಹಿಂದಕ್ಕೆ ಎಳೆದರೆ ಲಂಬ ಅಕ್ಷವನ್ನು −φ/e ಬಳಿ ಮುಟ್ಟುತ್ತದೆ ಎಂದು ಪಾಠದಲ್ಲಿ ಹೇಳಿರುತ್ತಾರೆ. ಆದರೆ ಜಾಗ ಉಳಿಸಲು ಗ್ರಾಫಿನ ಅಡ್ಡ ಅಕ್ಷವನ್ನು ಕೆಲವೊಮ್ಮೆ ಸೊನ್ನೆಯಿಂದ ಆರಂಭಿಸದೆ 4×10¹⁴ರಿಂದ ಆರಂಭಿಸಿರುತ್ತಾರೆ. ಅಂಥ ಚಿತ್ರದಲ್ಲಿ ಇದೇ ಗೆರೆ ಎಡಗಡೆಯ ಅಂಚನ್ನು −0.62 ವೋಲ್ಟ್‌ನಲ್ಲಿ ಮುಟ್ಟುತ್ತದೆ. ವರ್ಕ್ ಫಂಕ್ಷನ್ 0.62 ಎಂದು ಬರೆದರೆ ಉತ್ತರ ತಪ್ಪು. ಆ ಅಂಚು ಸೊನ್ನೆ ಆವೃತ್ತಿಯ ಜಾಗವೇ ಅಲ್ಲ. ತಪ್ಪನ್ನು ಹಿಡಿಯುವುದೂ ಕಷ್ಟವಲ್ಲ. 0.62ನ್ನು ಇಳಿಜಾರಿನಿಂದ ಭಾಗಿಸಿದರೆ ಹೊಸ್ತಿಲು 1.5×10¹⁴ ಹರ್ಟ್ಸ್ ಆಗುತ್ತದೆ, ಕಣ್ಣಿಗೆ ಕಾಣದ ಅವಕೆಂಪಿನಲ್ಲಿ. ಗೆರೆಯೋ 5.5ರಲ್ಲಿ ಅಕ್ಷ ಮುಟ್ಟಿದ್ದು ಕಣ್ಣೆದುರೇ ಇದೆ. ಎರಡೂ ಹೊಂದದಿದ್ದರೆ ಅಕ್ಷದ ಮೊದಲ ಅಂಕಿಯನ್ನು ನೋಡಬೇಕು. ಅಡ್ಡ ಅಕ್ಷದ ಮೇಲೆ ಆವೃತ್ತಿಯ ಬದಲು ತರಂಗದೂರ ಇದ್ದರಂತೂ ಈ ಲೆಕ್ಕ ಯಾವುದೂ ನಡೆಯುವುದಿಲ್ಲ, ಆಗ ಗೆರೆ ಬಾಗಿರುತ್ತದೆ.

ಪ್ರಯೋಗಾಲಯದಲ್ಲಿ ಈ ಗೆರೆಯನ್ನು ಪಡೆಯುವುದು ಸುಲಭವಿರಲಿಲ್ಲ. ಅಮೆರಿಕದ ರಾಬರ್ಟ್ ಮಿಲಿಕನ್ ಐನ್‌ಸ್ಟೈನರ ಬೆಳಕಿನ ಕಂತುಗಳನ್ನು ನಂಬಿರಲಿಲ್ಲ. ಆದರೂ ವರ್ಷಗಟ್ಟಲೆ ಅಳೆದರು. ಸೋಡಿಯಂ, ಲಿಥಿಯಂ ಗಾಳಿ ತಾಗಿದರೆ ಕೆಡುತ್ತವೆ. ಹಾಗಾಗಿ ನಿರ್ವಾತದ ಗಾಜಿನ ಪಾತ್ರೆಯೊಳಗೇ ಚಾಕು ಇಟ್ಟು ಲೋಹದ ಮೇಲ್ಮೈಯನ್ನು ಕೆರೆದು ಹೊಸದು ಮಾಡುತ್ತಿದ್ದರು. 1916ರಲ್ಲಿ ಅವರು ಪ್ರಕಟಿಸಿದ ಗೆರೆಗಳು ನೇರವಾಗಿದ್ದವು, ಅವುಗಳಿಂದ h ಸುಮಾರು 6.57×10⁻³⁴ ಎಂದು ಬಂತು. ಇಂದಿನ ಬೆಲೆ 6.626.

ಅವರು ಪಟ್ಟ ಶ್ರಮದಲ್ಲಿ ಪಠ್ಯಪುಸ್ತಕ ಹೆಚ್ಚಾಗಿ ಬಿಟ್ಟುಬಿಡುವ ಭಾಗ ಒಂದಿದೆ. ಬೆಳಕು ಬೀಳುವ ತಟ್ಟೆ ಮತ್ತು ಎದುರಿನ ತಟ್ಟೆ ಬೇರೆ ಬೇರೆ ಲೋಹದವಾದರೆ ಅವುಗಳ ನಡುವೆ ತಾನಾಗಿಯೇ ಒಂದಿಷ್ಟು ವೋಲ್ಟೇಜ್ ಇರುತ್ತದೆ. ಮೀಟರ್ ಅದನ್ನು ತೋರಿಸುವುದಿಲ್ಲ. ಇದರಿಂದ ಗೆರೆ ಇಡಿಯಾಗಿ ಮೇಲಕ್ಕೋ ಕೆಳಕ್ಕೋ ಸರಿದು, ಅಕ್ಷ ಮುಟ್ಟುವ ಜಾಗವೂ ತಪ್ಪುತ್ತದೆ. ಹೊಸ್ತಿಲು ಆವೃತ್ತಿಯನ್ನು ನಂಬಬೇಕಾದರೆ ಈ ವೋಲ್ಟೇಜನ್ನು ಪ್ರತ್ಯೇಕವಾಗಿ ಅಳೆದು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಮಿಲಿಕನ್ ಅದನ್ನು ಮಾಡಿದರು. ಇಳಿಜಾರಿಗೆ ಮಾತ್ರ ಈ ತೊಂದರೆ ತಟ್ಟುವುದಿಲ್ಲ.