ನಿಮಗಿದು ಗೊತ್ತೆ? ಧಾರಣೆ ನೋಡುವವರನ್ನೂ ನೋಡುವವರಿದ್ದಾರೆ!

ಅಜ್ಜಂಪುರದಲ್ಲಿ ಕೂತು ಅಡಿಕೆ, ಈರುಳ್ಳಿ ಧಾರಣೆ ನೋಡಲು ವೆಬ್‌ಸೈಟ್ ತೆರೆಯುತ್ತೀರಿ. ಬೆನ್ನಿಗೇ ಕುಕೀ ಅನುಮತಿ ಕೇಳುವ ಪಟ್ಟಿ ಬರುತ್ತದೆ. ಆ ಸೈಟ್ ನಿಮ್ಮನ್ನು ಎಷ್ಟು ಹಿಂಬಾಲಿಸುತ್ತಿದೆ ಎಂದು ನೀವೇ ಅಳೆಯಬಹುದು.

● ಫೈರ್‌ಫಾಕ್ಸ್‌ನ ಖಾಸಗಿ ಕಿಟಕಿಯಲ್ಲಿ ಸೈಟ್ ತೆರೆಯಿರಿ. ಕುಕೀ ಪಟ್ಟಿಯನ್ನು ಮುಟ್ಟಬೇಡಿ. ವಿಳಾಸದ ಪಕ್ಕದ ಗುರಾಣಿ ಚಿಹ್ನೆ ಒತ್ತಿ, ಅಲ್ಲಿನ ವಿಭಾಗಗಳನ್ನು ತೆರೆದರೆ, ಬ್ರೌಸರ್ ತಡೆದ ಟ್ರ್ಯಾಕರ್‌ಗಳ ಹೆಸರುಗಳು ಕಾಣುತ್ತವೆ. ನೀವು ಒಪ್ಪುವ ಮೊದಲೇ ಹೆಸರುಗಳಿದ್ದರೆ, ಸೈಟ್ ನಿಮ್ಮ ಉತ್ತರಕ್ಕೆ ಕಾಯಲಿಲ್ಲ ಎಂದರ್ಥ.

● ಈಗ ‘ತಿರಸ್ಕರಿಸಿ’ ಒತ್ತಿ, ಪುಟವನ್ನು ಮರುಲೋಡ್ ಮಾಡಿ. ಹೆಸರುಗಳು ಕಡಿಮೆಯಾಗದಿದ್ದರೆ ಅನುಮತಿ ಕೇಳಿದ್ದು ಬರೀ ತೋರಿಕೆಗೆ.

● ಹೆಸರುಗಳನ್ನಷ್ಟೇ ಎಣಿಸಿದರೆ ಸಾಲದು. doubleclick.net, google-analytics.com ಎರಡೂ ಗೂಗಲ್‌ನವೇ. ಎಷ್ಟು ಕಂಪನಿಗಳಿವೆ ಎಂಬುದನ್ನು ನೋಡಿ.

● ಅನುಮತಿ ಪಟ್ಟಿಯೇ ಬರದಿದ್ದರೆ ಹಿಂಬಾಲಿಸುತ್ತಿಲ್ಲ ಎಂದುಕೊಳ್ಳಬೇಡಿ. ಹಲವು ಸೈಟ್‌ಗಳು ಅದನ್ನು ಕಾನೂನು ಬಿಗಿಯಾಗಿರುವ ಯುರೋಪಿನವರಿಗಷ್ಟೇ ತೋರಿಸುತ್ತವೆ.

● ಗುರಾಣಿ ಖಾಲಿಯಿದ್ದರೂ ಪೂರ್ತಿ ನಂಬುವಂತಿಲ್ಲ. ಸೈಟ್ ತನ್ನ ಸರ್ವರ್‌ನಿಂದಲೇ ಮಾಹಿತಿಯನ್ನು ಬೇರೆಯವರಿಗೆ ದಾಟಿಸಿದರೆ ಬ್ರೌಸರ್‌ಗೆ ಅದು ಕಾಣುವುದಿಲ್ಲ.