ಫ್ರೀ ಡೆಲಿವರಿಯ ಗೆರೆ ಎಳೆಯುವುದೆಲ್ಲಿ?

ಮೊಬೈಲ್‌ನಲ್ಲಿ ಏನೋ ಕೊಳ್ಳಲು ಹೊರಟಿದ್ದೀರಿ. ಬುಟ್ಟಿಯಲ್ಲಿ 420 ರೂಪಾಯಿಯ ಸಾಮಾನಿದೆ. ಡೆಲಿವರಿಗೆ 60 ರೂಪಾಯಿ. ಅದರ ಕೆಳಗೇ ಒಂದು ಸಾಲು: ‘ಇನ್ನು 79 ರೂಪಾಯಿಯ ವಸ್ತು ಸೇರಿಸಿದರೆ ಡೆಲಿವರಿ ಉಚಿತ’. ನೀವು 90 ರೂಪಾಯಿಯ ಚಟ್ನಿಪುಡಿ ಸೇರಿಸುತ್ತೀರಿ. ಇದರಲ್ಲಿ ಪೆದ್ದುತನವೇನೂ ಇಲ್ಲ. ಡೆಲಿವರಿಗೆ ಹೋಗಬೇಕಿದ್ದ 60 ರೂಪಾಯಿಗೆ 30 ಸೇರಿಸಿದಿರಿ, ಪುಡಿ ಮನೆಗೆ ಬಂತು. ಲೆಕ್ಕ ಕೊಳ್ಳುವವರ ಪರವಾಗಿಯೇ ಇದೆ. ಹಾಗಾದರೆ ಮಾರುವವರಿಗೆ ಏನು ಸಿಕ್ಕಿತು?

ಈ ಗೆರೆಯನ್ನು ವ್ಯಾಪಾರದ ಕೇಂದ್ರಕ್ಕೆ ತಂದವರಲ್ಲಿ ಅಮೆಜಾನ್ ಪ್ರಮುಖ. 2002ರ ಜನವರಿಯಲ್ಲಿ ಅಮೆರಿಕದಲ್ಲಿ 99 ಡಾಲರ್ ದಾಟಿದ ಆರ್ಡರ್‌ಗಳಿಗೆ ಉಚಿತ ಸಾಗಣೆ ಎಂದಿತು. ಅದೇ ವರ್ಷ ಗೆರೆ 49ಕ್ಕೆ ಇಳಿಯಿತು, ಮತ್ತೆ 25ಕ್ಕೆ. 2013ರಲ್ಲಿ 35ಕ್ಕೆ ಏರಿತು, 2016ರಲ್ಲಿ 49ಕ್ಕೆ, 2017ರಲ್ಲಿ ಮರಳಿ 25ಕ್ಕೆ ಬಂತು. ಅಷ್ಟು ದೊಡ್ಡ ಕಂಪನಿಗೂ ಒಂದೇ ಅಂಕಿಗೆ ಅಂಟಿಕೊಳ್ಳಲು ಆಗಲಿಲ್ಲ. ‘ಉಚಿತ’ ಎಂಬುದರ ಸೆಳೆತ ಎಷ್ಟು ಎನ್ನುವುದಕ್ಕೆ ಡ್ಯಾನ್ ಏರಿಯಲಿ ತಮ್ಮ 2008ರ ಪುಸ್ತಕದಲ್ಲಿ ಫ್ರಾನ್ಸಿನ ಪ್ರಸಂಗವೊಂದನ್ನು ಹೇಳುತ್ತಾರೆ. ಬೇರೆ ದೇಶಗಳಲ್ಲಿ ಉಚಿತ ಸಾಗಣೆಯಿಂದ ಅಮೆಜಾನ್ ಮಾರಾಟ ಏರಿದಾಗ ಫ್ರಾನ್ಸಿನಲ್ಲಿ ಮಾತ್ರ ಏರಲಿಲ್ಲವಂತೆ. ಅಲ್ಲಿ ಉಚಿತದ ಬದಲು ಒಂದು ಫ್ರಾಂಕ್ ಇಟ್ಟಿದ್ದರು. ಆ ಪುಡಿಗಾಸನ್ನೂ ತೆಗೆದ ಮೇಲೆ ಅಲ್ಲಿಯೂ ಮಾರಾಟ ಏರಿತು.

ಈಗ ಮಾರುವವರ ಕಡೆಯಿಂದ ನೋಡೋಣ. ಲೆಕ್ಕಕ್ಕಾಗಿ ಸಾಗರದಲ್ಲೊಂದು ಅಂಗಡಿ ಇದೆ ಎಂದುಕೊಳ್ಳಿ. ಚಟ್ನಿಪುಡಿ, ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ ಇವನ್ನೆಲ್ಲ ಬೆಂಗಳೂರು, ಮುಂಬೈಗೆ ಕಳಿಸುತ್ತದೆ. ಕೆಳಗಿನ ಅಂಕಿಗಳೆಲ್ಲ ಆ ಕಾಲ್ಪನಿಕ ಅಂಗಡಿಯವು. ನೂರು ರೂಪಾಯಿ ಮಾರಿದರೆ ಸಾಮಾನಿನ ಅಸಲು ಕಳೆದು 35 ರೂಪಾಯಿ ಉಳಿಯುತ್ತದೆ. ಕೊರಿಯರ್‌ನವರು ಒಂದು ಪಾರ್ಸೆಲ್‌ಗೆ 75 ರೂಪಾಯಿ ತೆಗೆದುಕೊಳ್ಳುತ್ತಾರೆ. ಗೆರೆ 499.

420 ರೂಪಾಯಿಯ ಆರ್ಡರ್ ಹಾಗೆಯೇ ಬಂದಿದ್ದರೆ ಸಾಮಾನಿನ ಮೇಲೆ 147, ಗಿರಾಕಿ ಕೊಟ್ಟ ಡೆಲಿವರಿ ಶುಲ್ಕ 60, ಕೊರಿಯರ್‌ಗೆ ಕಳೆದದ್ದು 75. ಕೈಯಲ್ಲಿ ಉಳಿಯುವುದು 132. ಗಿರಾಕಿ ಚಟ್ನಿಪುಡಿ ಸೇರಿಸಿ 510 ಮಾಡಿದರೆ ಸಾಮಾನಿನ ಮೇಲೆ 178 ರೂಪಾಯಿ 50 ಪೈಸೆ, ಡೆಲಿವರಿ ಶುಲ್ಕವಿಲ್ಲ, 75 ಕಳೆದರೆ 103 ರೂಪಾಯಿ 50 ಪೈಸೆ. ಬುಟ್ಟಿ ದೊಡ್ಡದಾಯಿತು, ಲಾಭ 28 ರೂಪಾಯಿ 50 ಪೈಸೆ ಕಡಿಮೆಯಾಯಿತು! ಬಿಟ್ಟುಕೊಟ್ಟ 60 ರೂಪಾಯಿಯನ್ನು ನೂರಕ್ಕೆ 35ರ ಲಾಭದಲ್ಲಿ ಮರಳಿ ದುಡಿಯಬೇಕಾದರೆ ಗಿರಾಕಿ ಹೆಚ್ಚುವರಿಯಾಗಿ ಕೊಳ್ಳಬೇಕಾದದ್ದು 90 ಅಲ್ಲ, 171 ರೂಪಾಯಿಯ ಸಾಮಾನು. ಶುಲ್ಕವನ್ನು ಲಾಭದ ಪಾಲಿನಿಂದ ಭಾಗಿಸಿದರೆ, ಅಂದರೆ 60ನ್ನು 0.35ರಿಂದ ಭಾಗಿಸಿದರೆ ಬರುವ ಅಂಕಿ ಅದು. ಸರಾಸರಿ ಆರ್ಡರ್ ಮೊತ್ತ ಏರಿತು ಎಂದು ಖುಷಿಪಡುವ ಅಂಗಡಿಗಳು ಎಡವುವುದು ಸಾಮಾನ್ಯವಾಗಿ ಇಲ್ಲೇ.

ಇನ್ನೆರಡು ಬಗೆಯ ಗಿರಾಕಿಗಳಿದ್ದಾರೆ. ಗೆರೆ ಇರಲಿ ಬಿಡಲಿ 600, 700 ರೂಪಾಯಿಗೆ ಕೊಳ್ಳುವವರು ಒಂದು ಬಗೆ. ಅವರಿಗೆ ಕೊಟ್ಟ 60 ರೂಪಾಯಿ ಪೂರ್ತಿ ದಾನ. ಇನ್ನೊಂದು ಬಗೆಯವರು ಡೆಲಿವರಿ ಶುಲ್ಕ ಕಂಡರೆ ಬುಟ್ಟಿಯನ್ನೇ ಬಿಟ್ಟು ಹೋಗುವವರು. ಗೆರೆ ದಾಟಿ ಅವರು ಉಳಿದುಕೊಂಡರೆ 103 ರೂಪಾಯಿ 50 ಪೈಸೆಯೂ ಹೊಸ ಲಾಭವೇ. ಹೀಗಾಗಿ ಗೆರೆಯಿಂದ ಲಾಭವೋ ನಷ್ಟವೋ ಎನ್ನುವುದು ಈ ಮೂರು ಬಗೆಯವರು ಎಷ್ಟೆಷ್ಟಿದ್ದಾರೆ ಎನ್ನುವುದರ ಮೇಲೆ ನಿಂತಿದೆ. ಗೆರೆಯನ್ನು ಮೇಲಕ್ಕೆ ಸರಿಸಿದರೆ ದಾನ ಕಡಿಮೆಯಾಗುತ್ತದೆ, ಬಿಟ್ಟು ಹೋಗುವವರು ಹೆಚ್ಚಾಗುತ್ತಾರೆ.

ಯಾರು ಎಷ್ಟಿದ್ದಾರೆ ಎಂದು ತಿಳಿಯಲು ಮೊದಲು ಹಳೆಯ ಆರ್ಡರ್‌ಗಳನ್ನೇ ಹರಡಿ ನೋಡಬೇಕು. ಕಳೆದ ಆರು ತಿಂಗಳ ಪಟ್ಟಿಯನ್ನು ಸ್ಪ್ರೆಡ್‌ಶೀಟ್‌ಗೆ ಇಳಿಸಿಕೊಳ್ಳಿ. ರದ್ದಾದದ್ದು, ಗಿರಾಕಿ ತೆಗೆದುಕೊಳ್ಳದೆ ವಾಪಸ್ ಬಂದದ್ದು ತೆಗೆದುಹಾಕಿ. ಮೊತ್ತ ಎಂದರೆ ಕೂಪನ್ ರಿಯಾಯಿತಿ ಕಳೆದ, ಡೆಲಿವರಿ ಶುಲ್ಕ ಸೇರಿಸದ ಸಾಮಾನಿನ ಬೆಲೆ. ಅದು C ಕಾಲಂನಲ್ಲಿದ್ದರೆ, ಪಕ್ಕದ ಕಾಲಂನಲ್ಲಿ ಹೀಗೆ ಬರೆಯಿರಿ:

```
=FLOOR(C2,50)
```

ಪ್ರತಿ ಆರ್ಡರ್ ಐವತ್ತು ರೂಪಾಯಿಯ ಒಂದೊಂದು ಗುಂಪಿಗೆ ಬೀಳುತ್ತದೆ. ಒಂದೊಂದು ಗುಂಪಿನಲ್ಲಿ ಎಷ್ಟಿವೆ ಎಂದು ಎಣಿಸಿ ಕಂಬದ ಚಿತ್ರ ಮಾಡಿ. ನಮ್ಮ ಅಂಗಡಿಯಲ್ಲಿ 400ರಿಂದ 449ರ ನಡುವೆ 60 ಆರ್ಡರ್, 450ರಿಂದ 499ರ ನಡುವೆ ಬರೀ 22, 500ರಿಂದ 549ರ ನಡುವೆ ಒಮ್ಮೆಲೇ 130 ಎಂದಿಟ್ಟುಕೊಳ್ಳಿ. ಗೆರೆಯ ಈಚೆಗೆ ಹೊಂಡ, ಆಚೆಗೆ ದಿಬ್ಬ. ಗೆರೆ ಜನರನ್ನು ನಿಜವಾಗಿ ಎಳೆಯುತ್ತಿದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ. ಹೊಂಡ ಎಷ್ಟು ಹಿಂದಿನಿಂದ ಶುರುವಾಗುತ್ತದೆ ಎನ್ನುವುದೇ ಜನ ಎಷ್ಟು ದೂರ ಏರಲು ಸಿದ್ಧರಿದ್ದಾರೆ ಎನ್ನುವುದರ ಅಳತೆ. ಇಲ್ಲಿ ಅದು ಸುಮಾರು ನೂರು ರೂಪಾಯಿ. ದಿಬ್ಬವೇ ಕಾಣದಿದ್ದರೆ ಗೆರೆಯನ್ನು ಯಾರೂ ಗಮನಿಸುತ್ತಿಲ್ಲ, ಅಥವಾ ಕೊರತೆ ತುಂಬುವಷ್ಟು ಬೆಲೆಯ ವಸ್ತು ನಿಮ್ಮಲ್ಲಿಲ್ಲ. ಎಲ್ಲವೂ 400 ರೂಪಾಯಿಯ ಮೇಲಿರುವ ಅಂಗಡಿಯಲ್ಲಿ 79 ರೂಪಾಯಿ ಸೇರಿಸಿ ಎಂದರೆ ಗಿರಾಕಿ ಏನು ಸೇರಿಸಬೇಕು?

ಸರಾಸರಿ ಆರ್ಡರ್ ಮೊತ್ತದ ಮೇಲೆ ನೂರಕ್ಕೆ ಇಪ್ಪತ್ತೋ ಮೂವತ್ತೋ ಸೇರಿಸಿ ಗೆರೆ ಇಡಿ ಎಂಬ ಸಲಹೆ ಎಲ್ಲೆಡೆ ಓಡಾಡುತ್ತದೆ. ನನಗೆ ಅದರ ಮೇಲೆ ನಂಬಿಕೆಯಿಲ್ಲ. ಮದುವೆ ಮನೆಗೆಂದು ಹತ್ತು ಸಾವಿರದ ಹಪ್ಪಳ ಕೊಂಡ ನಾಲ್ಕು ಜನ ಸಾಕು, ಸರಾಸರಿಯನ್ನು ಎಲ್ಲಿಗೋ ಒಯ್ಯಲು. ಕಂಬದ ಚಿತ್ರದಲ್ಲಿ ಜನ ಎಲ್ಲಿ ಗುಂಪುಗಟ್ಟಿದ್ದಾರೆ ಎಂದು ನೋಡಿ, ಅಲ್ಲಿಂದ ಅವರು ಏರಬಲ್ಲಷ್ಟು ಮೇಲೆ ಎರಡು ಮೂರು ಅಂಕಿ ಆರಿಸಿಕೊಳ್ಳುವುದೇ ವಾಸಿ.

ಆದರೆ ಹಳೆಯ ಆರ್ಡರ್‌ಗಳಿಂದ ತಿಳಿಯಲಾಗದ ಒಂದು ಸಂಗತಿ ಇದೆ. ಬಿಟ್ಟು ಹೋದವರು ಆ ಪಟ್ಟಿಯಲ್ಲಿ ಇರುವುದಿಲ್ಲ. ಅವರನ್ನು ಲೆಕ್ಕಕ್ಕೆ ತರಬೇಕಾದರೆ ಪರೀಕ್ಷೆಯನ್ನೇ ನಡೆಸಬೇಕು. ಅಂಗಡಿಯ ಪುಟಕ್ಕೆ ಬಂದವರನ್ನು ಯಾವ ಆಯ್ಕೆಯೂ ಇಲ್ಲದೆ ಮೂರು ಪಾಲು ಮಾಡಿ, ಒಂದು ಪಾಲಿಗೆ 499, ಇನ್ನೊಂದಕ್ಕೆ 699, ಮತ್ತೊಂದಕ್ಕೆ 999 ತೋರಿಸಿ. ಪಾಲು ಮಾಡಬೇಕಾದದ್ದು ಜನರನ್ನು, ಆರ್ಡರ್‌ಗಳನ್ನಲ್ಲ. ಇಂದು 499 ಕಂಡವರಿಗೆ ನಾಳೆ 699 ಕಾಣಿಸಿದರೆ ಅವರ ಕೋಪವೂ ಪರೀಕ್ಷೆಯೊಳಗೆ ಸೇರಿಕೊಳ್ಳುತ್ತದೆ. ಹೀಗೆ ಪಾಲು ಮಾಡುವ ಸೌಲಭ್ಯ ಇಲ್ಲದ ಸಣ್ಣ ಅಂಗಡಿಗಳು ಒಂದು ವಾರ ಈ ಗೆರೆ, ಮರುವಾರ ಆ ಗೆರೆ ಎಂದು ಕೆಲವು ಸುತ್ತು ಮಾಡಬಹುದು. ಹಬ್ಬದ ವಾರಗಳನ್ನು ಬಿಡಬೇಕು.

ಪ್ರತಿ ಪಾಲಿಗೆ 5,000 ಜನ ಬಂದರು ಎಂದುಕೊಳ್ಳೋಣ. 499ರ ಪಾಲಿನಲ್ಲಿ 300 ಆರ್ಡರ್, ಸರಾಸರಿ 520 ರೂಪಾಯಿ, ಡೆಲಿವರಿ ಶುಲ್ಕ ಕೊಟ್ಟವರು 135. 699ರಲ್ಲಿ 280 ಆರ್ಡರ್, ಸರಾಸರಿ 585, ಶುಲ್ಕ ಕೊಟ್ಟವರು 190. 999ರಲ್ಲಿ 240 ಆರ್ಡರ್, ಸರಾಸರಿ 640, ಶುಲ್ಕ ಕೊಟ್ಟವರು 200. ಬುಟ್ಟಿಯ ಗಾತ್ರ ಮಾತ್ರ ನೋಡಿದರೆ 999 ಗೆದ್ದಿತು.

ಕೊರಿಯರ್ ವೆಚ್ಚವೂ ಜೊತೆಗೇ ಏರುತ್ತದೆ. ದರ ಸಾಮಾನ್ಯವಾಗಿ ಅರ್ಧ ಕಿಲೋದ ಹಂತಗಳಲ್ಲಿ ಇರುತ್ತದೆ; ಒಂದು ಪೊಟ್ಟಣ ಹೆಚ್ಚಾದರೆ ಮುಂದಿನ ಹಂತ. ಹಪ್ಪಳದಂಥ ಹಗುರ ಸಾಮಾನಿಗೆ ಇನ್ನೊಂದು ಕಾಟವಿದೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ರಿಂದ ಭಾಗಿಸಿ ಬಂದದ್ದನ್ನು ಎಷ್ಟೋ ಕೊರಿಯರ್‌ಗಳು ಕಿಲೋ ತೂಕವೆಂದು ಹಿಡಿಯುತ್ತವೆ. 30, 25, 20ರ ಪೆಟ್ಟಿಗೆಯೊಳಗೆ ಮುಕ್ಕಾಲು ಕಿಲೋ ಹಪ್ಪಳವಿದ್ದರೂ ಬಿಲ್ಲು ಬರುವುದು 3 ಕಿಲೋಗೆ. ಆದ್ದರಿಂದ ಲೆಕ್ಕಕ್ಕೆ ಅಂದಾಜಿನ ದರ ಹಾಕದೆ, ಕೊರಿಯರ್ ಬಿಲ್ಲಿನಲ್ಲಿದ್ದ ಮೊತ್ತವನ್ನೇ ಪ್ರತಿ ಆರ್ಡರ್ ಎದುರು ಬರೆಯಬೇಕು. ನಮ್ಮ ಮೂರು ಪಾಲುಗಳಲ್ಲಿ ಅದು ಸರಾಸರಿ 75, 80, 84 ರೂಪಾಯಿ ಎಂದಿರಲಿ.

ಈಗ ಸಾಮಾನಿನ ಲಾಭಕ್ಕೆ ಡೆಲಿವರಿ ಶುಲ್ಕ ಕೂಡಿಸಿ, ಕೊರಿಯರ್ ಕಳೆದು, ಬಂದ 5,000 ಜನರಿಗೆ ಹಂಚಿ. 499ರಲ್ಲಿ ಉಳಿದದ್ದು 40,200 ರೂಪಾಯಿ, ಅಂದರೆ ಪುಟಕ್ಕೆ ಬಂದ ಒಬ್ಬೊಬ್ಬರಿಗೆ 8 ರೂಪಾಯಿ 4 ಪೈಸೆ. 699ರಲ್ಲಿ 46,330, ತಲೆಗೆ 9 ರೂಪಾಯಿ 27 ಪೈಸೆ. 999ರಲ್ಲಿ 45,600, ತಲೆಗೆ 9 ರೂಪಾಯಿ 12 ಪೈಸೆ. ಗೆರೆಗಳನ್ನು ಹೋಲಿಸಬೇಕಾದದ್ದು ಈ ಅಂಕಿಯಲ್ಲಿ. ಕೊಳ್ಳದೆ ಹೋದವರೂ ಸೊನ್ನೆಯಾಗಿ ಇದರೊಳಗೆ ಇದ್ದಾರೆ.

ಈ ವ್ಯತ್ಯಾಸ ನಿಜವೋ, ಆ ತಿಂಗಳ ಅದೃಷ್ಟವೋ? ಒಂದು ಪಾಲಿನ 5,000 ಜನರ ಲಾಭವನ್ನು 5,000 ಚೀಟಿಗಳಲ್ಲಿ ಬರೆದು ಡಬ್ಬಿಗೆ ಹಾಕಿದ್ದೀರಿ ಎಂದುಕೊಳ್ಳಿ. ಒಂದು ಚೀಟಿ ಎತ್ತಿ, ಓದಿ, ಮತ್ತೆ ಒಳಗೆ ಹಾಕಿ. ಹೀಗೆ 5,000 ಸಲ ಎತ್ತಿ ಸರಾಸರಿ ತೆಗೆಯಿರಿ. ಪ್ರತಿ ಪಾಲಿಗೂ ಇದನ್ನು ಸಾವಿರ ಬಾರಿ ಮಾಡಿ, ಯಾವ ಗೆರೆ ಎಷ್ಟು ಬಾರಿ ಗೆದ್ದಿತು ಎಂದು ಎಣಿಸಿ. ಕಂಪ್ಯೂಟರ್‌ಗೆ ಇದು ಕ್ಷಣದ ಕೆಲಸ. ಇಂಥ ಅಂಕಿಗಳಲ್ಲಿ 699 ನೂರಕ್ಕೆ ತೊಂಬತ್ತು ಬಾರಿಯ ಆಸುಪಾಸು 499ನ್ನು ಸೋಲಿಸುತ್ತದೆ. 699 ಮತ್ತು 999ರ ನಡುವೆ ಹಾಗಲ್ಲ, ಗೆಲುವು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಅವೆರಡರಲ್ಲಿ ಯಾವುದು ಮೇಲು ಎಂದು ಈ ಪರೀಕ್ಷೆ ಹೇಳಲಾರದು. ಎಷ್ಟು ದಿನ ನಡೆಸಬೇಕೆಂದು ಮೊದಲೇ ನಿಶ್ಚಯಿಸಬೇಕು. ದಿನವೂ ಇಣುಕಿ, ತನಗೆ ಬೇಕಾದ ಗೆರೆ ಮುಂದಿರುವ ದಿನ ನಿಲ್ಲಿಸುವವರಿಗೆ ಯಾವ ಗೆರೆ ಬೇಕಾದರೂ ಗೆಲ್ಲುತ್ತದೆ.

ತಡವಾಗಿ ಹೊರಬೀಳುವ ಪರಿಣಾಮವೂ ಒಂದಿದೆ. ಗೆರೆ ದಾಟಲು ಎರಡು ಪೊಟ್ಟಣ ಚಟ್ನಿಪುಡಿ ಕೊಂಡ ಮನೆಯಲ್ಲಿ ಅದು ಎರಡು ತಿಂಗಳು ಬರುತ್ತದೆ, ಮುಂದಿನ ಆರ್ಡರ್ ಅಷ್ಟು ತಡವಾಗುತ್ತದೆ. ಮಾರಾಟ ಹೆಚ್ಚಿದ್ದಲ್ಲ, ಮುಂದಿನದು ಈಗಲೇ ಬಂದದ್ದು. ಮೂರೂ ಪಾಲಿನವರನ್ನು ತೊಂಬತ್ತು ದಿನ ಹಿಂಬಾಲಿಸಿ, ತಲಾ ಒಟ್ಟು ಲಾಭ ನೋಡಿದರೆ ಇದು ಗೊತ್ತಾಗುತ್ತದೆ. ಬಟ್ಟೆ ಅಂಗಡಿಯಾದರೆ ಇನ್ನೊಂದನ್ನೂ ಗಮನಿಸಬೇಕು: ಗೆರೆ ದಾಟಲೆಂದೇ ಸೇರಿಸಿದ ದುಪಟ್ಟಾ ವಾರದೊಳಗೆ ವಾಪಸ್ ಬರಬಹುದು. ಅದರ ಸಾಗಣೆಯೂ ಅಂಗಡಿಯ ತಲೆಗೇ.

ಸಾಗರದ ಅಂಗಡಿಗೆ ನಾನು ಹೇಳುವುದಾದರೆ ಗೆರೆ 699 ಇರಲಿ. 999ರಲ್ಲೂ ಲಾಭ ಹೆಚ್ಚುಕಡಿಮೆ ಅಷ್ಟೇ, ಆದರೆ ಪ್ರತಿ 5,000 ಜನರಲ್ಲಿ 40 ಗಿರಾಕಿಗಳು ಕಡಿಮೆ. ಹೋದವರು ಮರುತಿಂಗಳು ಬರುವ ಭರವಸೆಯಿಲ್ಲ. ಮುಂದಿನ ಸಲ ಕೊರಿಯರ್‌ನವರು ದರ ಏರಿಸಿದಾಗ ಇಡೀ ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡಬೇಕು.