ಲಾಗಿನ್‌ಗೆ ಯಾವ ಚಿತ್ರ?

ಪ್ರಶ್ನೆ: ಲಾಗಿನ್, ಟೋಕನ್ ರಿಫ್ರೆಶ್ ತೋರಿಸಲು ಸೀಕ್ವೆನ್ಸ್ ಡಯಾಗ್ರಾಮೋ, ಆಕ್ಟಿವಿಟಿ ಡಯಾಗ್ರಾಮೋ?
– ಓದುಗರೊಬ್ಬರು, ಹನುಮಂತನಗರ

ಉತ್ತರ: ರಿಫ್ರೆಶ್ ಇದೆಯೆಂದರೆ ನನ್ನ ಮತ ಸೀಕ್ವೆನ್ಸ್‌ಗೇ. ಆ್ಯಪ್, ಎಪಿಐ, ಲಾಗಿನ್ ಸರ್ವರ್ ಮೂರಕ್ಕೂ ಒಂದೊಂದು ಗೆರೆ ಇಳಿಬಿಡಿ. ಟೋಕನ್ ಅವಧಿ ಮುಗಿದಿದ್ದರೆ ಎಪಿಐ `401` ಎನ್ನುತ್ತದೆ. ಆ್ಯಪ್ ರಿಫ್ರೆಶ್ ಟೋಕನ್ ಕೊಟ್ಟು ಹೊಸದನ್ನು ಪಡೆದು, ಮೊದಲಿನ ಕೋರಿಕೆಯನ್ನೇ ಮತ್ತೆ ಕಳಿಸುತ್ತದೆ. ಈಗ ಎರಡು ಕೋರಿಕೆಗಳಿಗೆ ಒಟ್ಟಿಗೇ `401` ಬಂತೆನ್ನಿ. ಎರಡೂ ಅದೇ ರಿಫ್ರೆಶ್ ಟೋಕನ್ ಹಿಡಿದು ಓಡುತ್ತವೆ. ಒಮ್ಮೆ ಬಳಸಿದ್ದು ರದ್ದಾಗುವ ವ್ಯವಸ್ಥೆಯಲ್ಲಿ ಎರಡನೆಯದಕ್ಕೆ `invalid_grant` ಸಿಗುತ್ತದೆ. ಏನೂ ತಪ್ಪು ಮಾಡದ ಬಳಕೆದಾರ ಹೊರಬೀಳುತ್ತಾನೆ. ಸೀಕ್ವೆನ್ಸ್‌ನಲ್ಲಿ ಈ ಎರಡರ ಬಾಣಗಳನ್ನು `par` ಚೌಕಟ್ಟಿನಲ್ಲಿ ಬರೆದರೆ ಈ ಡಿಕ್ಕಿ ಕಣ್ಣಿಗೆ ಬೀಳುತ್ತದೆ. ಆಕ್ಟಿವಿಟಿಯಲ್ಲಾದರೆ ಅದು ‘ಟೋಕನ್ ನವೀಕರಿಸು’ ಎಂಬ ಒಂದೇ ಡಬ್ಬಿಯೊಳಗೆ ಅಡಗಿಬಿಡುವುದೇ ಹೆಚ್ಚು. ತಪ್ಪು ಪಾಸ್‌ವರ್ಡ್, ಒಟಿಪಿ, ಖಾತೆ ಲಾಕ್ ಎಂಬ ಕವಲುಗಳೇ ಮುಖ್ಯವಾದಾಗ ಮಾತ್ರ ಆಕ್ಟಿವಿಟಿ ಬರೆಯಿರಿ.